ಭಾಗಪ್ರಮಾಣ ಸೂತ್ರ ಮತ್ತು ತ್ರಿಭುಜದ ವಿಸ್ತೀರ್ಣ: ಸೂತ್ರ ಗೊತ್ತಿದ್ದರೂ ಉತ್ತರ ಎಲ್ಲಿ ತಪ್ಪುತ್ತದೆ?

ಪ್ರಶ್ನೆ: ಸರ್, ನಾನು ಗದಗ ಜಿಲ್ಲೆ ರೋಣ ತಾಲೂಕಿನಾಕಿ, ಹತ್ತನೇತ್ತೆ ಓದಾಕತ್ತೀನಿ. ಟೆಸ್ಟ್‌ನ್ಯಾಗ ಒಂದು ಲೆಕ್ಕ ಕೊಟ್ಟಿದ್ರು. A(−1, 8), B(−4, −1), C(6, 4) ಮೂಲೆ ಇರೋ ಮೂರು ಮೂಲಿ ಹೊಲಾನ A ಮೂಲೆಯಿಂದ ಒಂದು ಗೆರೆ ಎಳೆದು ಇಬ್ಬರಿಗೆ ಪಾಲು ಮಾಡಬೇಕು. B ಕಡೆ ಪಾಲು 2 ಆದ್ರ C ಕಡೆ ಪಾಲು 3. ಗೆರೆ BC ಬದುವನ್ನ ಎಲ್ಲಿ ಮುಟ್ಟತೈತಿ? ನನಗ (2, 2) ಬಂತು, ಸರಿ ಉತ್ತರ (0, 1) ಅಂತ. ಸೂತ್ರ ಬಾಯಿಪಾಠ ಐತಿ, ಕೂಡಿಸಿದ್ದೂ ಸರಿ ಐತಿ, ಹಂಗಾರ ತಪ್ಪು ಎಲ್ಲಿ ಆತು? ಇನ್ನ ವಿಸ್ತೀರ್ಣ ಒಮ್ಮೆ 75 ಬರತೈತಿ, ಒಮ್ಮೆ ಮೈನಸ್ ಬರತೈತಿ. ಅನುಪಾತ ಕಂಡುಹಿಡಿ ಅಂದ್ರ ಅದೂ ಮೈನಸ್. ಪರೀಕ್ಷೆಯೊಳಗ ಕೂತಾಗ ಬರೆದಿದ್ದು ಸರಿ ಐತೋ ಇಲ್ಲೋ ಅಂತ ನಾನೇ ಹೆಂಗ ತಿಳ್ಕೊಬೇಕು?

ಉತ್ತರ: ನಿನ್ನ ಗುಣಾಕಾರ, ಸಂಕಲನ ಎಲ್ಲವೂ ಸರಿ ಇವೆ. 2 ಮತ್ತು 3 ಕೂರಬೇಕಾದ ಜಾಗ ಮಾತ್ರ ಅದಲುಬದಲಾಗಿದೆ. ನೀನು ಹೀಗೆ ಬರೆದಿರಬೇಕು:

x = (2 × (−4) + 3 × 6) / 5 = 10/5 = 2
y = (2 × (−1) + 3 × 4) / 5 = 10/5 = 2

ಪಾಲು 2 ಇರುವುದು B ಕಡೆ, ಹಾಗಾಗಿ 2ನ್ನು B ಬಿಂದುವಿಗೆ ಗುಣಿಸಬೇಕು ಅಂತ ಅನಿಸುವುದು ಸಹಜ. ತಪ್ಪು ಅಲ್ಲೇ ಆಗುತ್ತದೆ. ಈ ಲೆಕ್ಕದಲ್ಲಿ ಇನ್ನೊಂದು ತೊಡಕೂ ಇದೆ. ತಪ್ಪಾಗಿ ಹಾಕಿದರೂ ಉತ್ತರ ಪೂರ್ಣಾಂಕದಲ್ಲೇ ಬರುತ್ತದೆ, ಬಿಂದುವೂ BC ಬದುವಿನ ಮೇಲೇ ಕೂರುತ್ತದೆ. ಹಾಗಾಗಿ ಅನುಮಾನವೇ ಬರುವುದಿಲ್ಲ. (2, 2) ಎಂಬ ಬಿಂದು BC ಯನ್ನು ಭಾಗಿಸುವುದು ನಿಜ, ಆದರೆ 2:3 ರಲ್ಲಿ ಅಲ್ಲ, 3:2 ರಲ್ಲಿ. ಆ ಉತ್ತರದಂತೆ ಹೊಲ ಹಂಚಿದರೆ ದೊಡ್ಡ ಪಾಲು B ಕಡೆಯವರಿಗೆ ಹೋಗುತ್ತದೆ.

ಸೂತ್ರದಲ್ಲಿ ಗುಣಕಗಳು ಯಾಕೆ ಎದುರು ತುದಿಗೆ ಹೋಗುತ್ತವೆ ಎಂದು ಒಮ್ಮೆ ತಿಳಿದರೆ ಬಾಯಿಪಾಠದ ಮೇಲೆ ನಿಲ್ಲಬೇಕಾಗಿಲ್ಲ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಸುಮಾರು 20 ಕಿ.ಮೀ. ಆ ದಾರಿಯನ್ನು ಹುಬ್ಬಳ್ಳಿ ಕಡೆಯಿಂದ 1:3 ಅನುಪಾತದಲ್ಲಿ ಭಾಗಿಸುವ ಜಾಗ ಹುಬ್ಬಳ್ಳಿಯಿಂದ 5 ಕಿ.ಮೀ. ದೂರದಲ್ಲಿದೆ, ಅಲ್ಲಿಂದ ಧಾರವಾಡ ಇನ್ನೂ 15 ಕಿ.ಮೀ. ಆ ಜಾಗ ಹುಬ್ಬಳ್ಳಿಗೆ ಹತ್ತಿರ. ಅಂದ ಮೇಲೆ ಅದರ ನಿರ್ದೇಶಾಂಕದಲ್ಲಿ ಹುಬ್ಬಳ್ಳಿಯ ತೂಕ ಹೆಚ್ಚಿರಬೇಕು, ಧಾರವಾಡದ್ದು ಕಡಿಮೆ ಇರಬೇಕು. ಹಾಗಾಗಿ ಹುಬ್ಬಳ್ಳಿಗೆ 3, ಧಾರವಾಡಕ್ಕೆ 1. ಅನುಪಾತದಲ್ಲಿ ಸಣ್ಣ ಸಂಖ್ಯೆ ಯಾವ ತುದಿಯ ಪಕ್ಕದಲ್ಲಿದೆಯೋ ಬಿಂದು ಆ ತುದಿಗೆ ಹತ್ತಿರ ಇರುತ್ತದೆ, ಹತ್ತಿರದ ತುದಿಗೆ ದೊಡ್ಡ ಗುಣಕ ಹೋಗುತ್ತದೆ. 1:3 ಅಂದರೆ ಇಡೀ ದಾರಿಯ ಮೂರನೇ ಒಂದು ಭಾಗ ಅಲ್ಲ, ನಾಲ್ಕನೇ ಒಂದು ಭಾಗ ಎಂಬುದನ್ನೂ ಇಲ್ಲೇ ನೋಡಿಕೊ. ಲೆಕ್ಕದಲ್ಲಿ BC ಯ ಮೇಲಿನ D ಎಂಬ ಬಿಂದುವಿಗೆ "BD = (2/5) BC" ಎಂದು ಕೊಟ್ಟಿದ್ದರೆ ಅನುಪಾತ 2:3 ಆಗುತ್ತದೆ, 2:5 ಅಲ್ಲ.

ಇದನ್ನೇ ಬೀಜಗಣಿತದಲ್ಲಿ ಎರಡು ಸಾಲಿನಲ್ಲಿ ತೋರಿಸಬಹುದು. (x₁, y₁) ಮತ್ತು (x₂, y₂) ಬಿಂದುಗಳ ನಡುವೆ (x, y) ಇದೆ, ಅದು m₁:m₂ ರಲ್ಲಿ ಭಾಗಿಸುತ್ತದೆ. ಪುಸ್ತಕದಲ್ಲಿ ಲಂಬಗಳನ್ನು ಇಳಿಸಿ ಎರಡು ಸಮರೂಪ ತ್ರಿಭುಜ ತೋರಿಸಿರುತ್ತಾರೆ. ಅದರಿಂದ ಸಿಗುವುದು ಇಷ್ಟು:

(x − x₁) / (x₂ − x) = m₁ / m₂

ಓರೆ ಗುಣಾಕಾರ ಮಾಡು. m₂(x − x₁) = m₁(x₂ − x) ಆಗುತ್ತದೆ. x ಇರುವ ಪದಗಳನ್ನು ಒಂದು ಕಡೆ ತಂದರೆ

x = (m₁x₂ + m₂x₁) / (m₁ + m₂)

m₁ ಹೋಗಿ x₂ ಜೊತೆ ಕೂತದ್ದು ಆ ಓರೆ ಗುಣಾಕಾರದಿಂದಲೇ. y ಗೂ ಇದೇ ರೀತಿ. ಪರೀಕ್ಷೆಯಲ್ಲಿ ಸೂತ್ರ ಮರೆತರೆ ಗಾಬರಿ ಬೇಡ, ಈ ಎರಡು ಸಾಲಿನಿಂದ ಅರ್ಧ ನಿಮಿಷದಲ್ಲಿ ಮತ್ತೆ ಕಟ್ಟಿಕೊಳ್ಳಬಹುದು.

ಈಗ ನಿನ್ನ ಹೊಲಕ್ಕೆ ಬರೋಣ. ಲೆಕ್ಕ ಕೇಳಿದ್ದು ವಿಸ್ತೀರ್ಣದ ಪಾಲು, ಆದರೆ ಹಾಕಬೇಕಾದದ್ದು ಉದ್ದದ ಅನುಪಾತದ ಸೂತ್ರ. ಈ ಎರಡನ್ನೂ ಜೋಡಿಸುವ ಮಾತನ್ನು ಉತ್ತರ ಪತ್ರಿಕೆಯಲ್ಲಿ ಬರೆಯಲೇಬೇಕು. ಗೆರೆ BC ಯನ್ನು D ಯಲ್ಲಿ ಮುಟ್ಟಲಿ. ತ್ರಿಭುಜ ABD ಯ ಪಾದ BD, ತ್ರಿಭುಜ ADC ಯ ಪಾದ DC. ಎರಡೂ ಪಾದಗಳು ಒಂದೇ ಸರಳರೇಖೆಯ ಮೇಲಿವೆ, ಎರಡಕ್ಕೂ ಎದುರು ಶೃಂಗ A. ಹಾಗಾಗಿ A ಯಿಂದ BC ಗೆ ಇಳಿಸಿದ ಲಂಬವೇ ಎರಡೂ ತ್ರಿಭುಜಗಳ ಎತ್ತರ. ಎತ್ತರ ಒಂದೇ ಆದಾಗ ವಿಸ್ತೀರ್ಣಗಳ ಅನುಪಾತವೂ ಪಾದಗಳ ಅನುಪಾತವೂ ಒಂದೇ. ಆದ್ದರಿಂದ BD:DC = 2:3.

ಬಿಂದುಗಳನ್ನು ಬದುವಿನಲ್ಲಿ ನಡೆದ ಕ್ರಮದಲ್ಲೇ ಬರೆದುಕೊ. B ಯಿಂದ C ಕಡೆಗೆ ಹೊರಟರೆ (x₁, y₁) = (−4, −1), (x₂, y₂) = (6, 4), m₁ = 2, m₂ = 3. ಈ ಒಂದು ಸಾಲನ್ನು ಸೂತ್ರಕ್ಕೆ ಕೈ ಹಾಕುವ ಮೊದಲು ಬರೆದರೆ ಅದಲುಬದಲಾಗುವ ಅವಕಾಶ ಬಹಳ ಕಡಿಮೆ. ಪ್ರಶ್ನೆಯಲ್ಲಿ "C ಮತ್ತು B ಗಳನ್ನು ಸೇರಿಸುವ ರೇಖಾಖಂಡ" ಎಂದಿದ್ದರೆ ಮೊದಲನೆಯ ಬಿಂದು C ಆಗುತ್ತದೆ. ಅಕ್ಷರಮಾಲೆಯ ಕ್ರಮ ನೋಡಬೇಡ, ಪ್ರಶ್ನೆಯ ಕ್ರಮ ನೋಡು.

x = (2 × 6 + 3 × (−4)) / (2 + 3) = (12 − 12)/5 = 0
y = (2 × 4 + 3 × (−1)) / (2 + 3) = (8 − 3)/5 = 1

D = (0, 1). ಋಣ ಸಂಖ್ಯೆಯನ್ನು ಯಾವಾಗಲೂ ಆವರಣದೊಳಗೆ ಹಾಕು. 3 × −4 ಎಂದು ಬರೆದು ಮುಂದಿನ ಸಾಲಿಗೆ ಹೋಗುವಾಗ ಆ ಮೈನಸ್ ಕಳೆದುಹೋಗುವುದು ಬಹಳ ಸಾಮಾನ್ಯ. ಹಾಗೆ ಕಳೆದುಹೋದರೆ x = 24/5 ಬರುತ್ತದೆ. ಐದರಿಂದ ಭಾಗ ಹೋಗದ ಉತ್ತರ ತಪ್ಪೇ ಆಗಿರಬೇಕೆಂದಿಲ್ಲ, ಆದರೆ ಅದು ಬಂದಾಗ ಒಮ್ಮೆ ಹಿಂದಿನ ಸಾಲು ನೋಡುವುದು ಒಳ್ಳೆಯದು.

ಇನ್ನು ಪರೀಕ್ಷೆಯಲ್ಲಿ ಕೂತಲ್ಲೇ ತಾಳೆ ನೋಡುವ ಕ್ರಮ. ಇದಕ್ಕೆ ಸೂತ್ರವೇ ಬೇಡ, ಬರೀ ಕಳೆಯುವುದು. B ಯಿಂದ D ಗೆ ಬರಲು x ನಲ್ಲಿ −4 ಇಂದ 0 ಗೆ 4 ಹೆಜ್ಜೆ, y ನಲ್ಲಿ −1 ಇಂದ 1 ಕ್ಕೆ 2 ಹೆಜ್ಜೆ. D ಯಿಂದ C ಗೆ ಹೋಗಲು x ನಲ್ಲಿ 6 ಹೆಜ್ಜೆ, y ನಲ್ಲಿ 3 ಹೆಜ್ಜೆ. 4:6 ಅಂದರೆ 2:3, 2:3 ಅಂತೂ 2:3. ಎರಡೂ ಒಪ್ಪಿದವು, ಕೆಲಸ ಮುಗಿಯಿತು. ಈಗ ನಿನ್ನ (2, 2) ಕ್ಕೆ ಇದೇ ತಾಳೆ ಹಾಕು. B ಯಿಂದ x ನಲ್ಲಿ 6 ಹೆಜ್ಜೆ, ಅಲ್ಲಿಂದ C ಗೆ 4 ಹೆಜ್ಜೆ, ಅಂದರೆ 3:2. ತಪ್ಪು ಹತ್ತು ಸೆಕೆಂಡಿನಲ್ಲಿ ಕಣ್ಣಿಗೆ ಬೀಳುತ್ತದೆ. ದೂರ ಸೂತ್ರ ಹಾಕಿ BD = 2√5, DC = 3√5 ಎಂದು ತೋರಿಸಿದರೂ ಆದೀತು, ಆದರೆ ವರ್ಗಮೂಲ ತೆಗೆಯುವ ಸಮಯ ಯಾಕೆ ಕಳೆಯಬೇಕು? ಹೆಜ್ಜೆ ಎಣಿಸುವುದೇ ಸಾಕು.

ಅನುಪಾತ ಮೈನಸ್ ಬರುವ ವಿಚಾರ. ಇದೇ ಹೊಲದಲ್ಲಿ ಪ್ರಶ್ನೆಯನ್ನು ತಿರುಗಿಸಿ ಕೇಳಬಹುದು: y-ಅಕ್ಷವು BC ಯನ್ನು ಯಾವ ಅನುಪಾತದಲ್ಲಿ ಭಾಗಿಸುತ್ತದೆ? ಇಂಥ ಕಡೆ ಅನುಪಾತವನ್ನು m₁:m₂ ಎಂದು ಇಡದೆ k:1 ಎಂದು ಇಡು. ಎರಡು ಅಜ್ಞಾತಗಳ ಬದಲು ಒಂದೇ ಉಳಿಯುತ್ತದೆ. y-ಅಕ್ಷದ ಮೇಲಿನ ಯಾವುದೇ ಬಿಂದುವಿನ x ನಿರ್ದೇಶಾಂಕ 0, ಹಾಗಾಗಿ

(k × 6 + 1 × (−4)) / (k + 1) = 0

6k − 4 = 0, k = 2/3, ಅನುಪಾತ 2:3. ಮೇಲೆ D ಬಿಂದು (0, 1) ಬಂದಿತ್ತಲ್ಲ, ಅದು y-ಅಕ್ಷದ ಮೇಲೇ ಇದೆ. ಒಂದಕ್ಕೊಂದು ಸರಿಯಾಗಿ ಕೂಡಿತು. ಇಲ್ಲಿ −4 ಅನ್ನು 4 ಎಂದು ಬರೆದರೆ 6k + 4 = 0 ಆಗಿ k = −2/3 ಬರುತ್ತದೆ. ನಿನಗೆ ಬರುವ ಮೈನಸ್ ಬಹುಪಾಲು ಇಂಥದ್ದೇ. ಸಂಖ್ಯೆ ಸರಿ, ಚಿಹ್ನೆ ಮಾತ್ರ ತಪ್ಪು. "y-ಅಕ್ಷ" ಎಂದು ಓದಿ y = 0 ಹಾಕುವುದು ಇನ್ನೊಂದು ತಪ್ಪು. ಹಾಗೆ ಹಾಕಿದರೆ 4k − 1 = 0, ಅನುಪಾತ 1:4 ಬರುತ್ತದೆ. ಅದು x-ಅಕ್ಷವು BC ಯನ್ನು (−2, 0) ಯಲ್ಲಿ ಭಾಗಿಸುವ ಅನುಪಾತ, ಕೇಳಿದ ಪ್ರಶ್ನೆಗೆ ಉತ್ತರ ಅಲ್ಲ.

ಹಾಗಂತ ಋಣ k ಯಾವಾಗಲೂ ಕೈತಪ್ಪೇ ಅಲ್ಲ. (8, 5) ಬಿಂದು BC ಯನ್ನು ಯಾವ ಅನುಪಾತದಲ್ಲಿ ಭಾಗಿಸುತ್ತದೆ ಎಂದು ಹಾಕಿ ನೋಡು. (6k − 4)/(k + 1) = 8 ಇಂದ k = −6. y ಇಂದ (4k − 1)/(k + 1) = 5, ಅಲ್ಲೂ k = −6. ಎರಡೂ ಕಡೆ ಒಂದೇ ಬಂದಿದೆ, ಅಂದರೆ ಕೈತಪ್ಪಿಲ್ಲ. ಬಿಂದು BC ರೇಖೆಯ ಮೇಲಿದೆ, ಆದರೆ C ಯನ್ನು ದಾಟಿ ಹೊರಗಿದೆ. BC ಯ ಮೇಲಿನ ಬಿಂದುವಿಗೆ x ನಿರ್ದೇಶಾಂಕ −4 ಮತ್ತು 6 ರ ನಡುವೆ ಇರಬೇಕು, ಇಲ್ಲಿ 8 ಇದೆ. ನಿನ್ನ ಪಠ್ಯದಲ್ಲಿ ಆಂತರಿಕ ಭಾಗ ಮಾತ್ರ ಇರುವುದರಿಂದ ಇಂಥ ಲೆಕ್ಕ ಸಾಮಾನ್ಯವಾಗಿ ಬರುವುದಿಲ್ಲ. ಹಾಗಾಗಿ k ಋಣ ಬಂದರೆ ಮೊದಲು ಕೊಟ್ಟ ಬಿಂದು ಎರಡು ತುದಿಗಳ ನಡುವೆ ಇದೆಯೇ ನೋಡು. ನಡುವೆ ಇದ್ದೂ k ಋಣ ಬಂದಿದ್ದರೆ ಚಿಹ್ನೆ ಎಲ್ಲೋ ತಪ್ಪಿದೆ, ಅದನ್ನು ಹುಡುಕು.

ಬಿಂದುವಿನ ಎರಡೂ ನಿರ್ದೇಶಾಂಕ ಕೊಟ್ಟಾಗ k ಯನ್ನು x ಇಂದ ಮಾತ್ರ ಕಂಡುಹಿಡಿದು ನಿಲ್ಲಬೇಡ. (2, 3) ಬಿಂದುವನ್ನು ಹಾಕಿದರೆ x ಇಂದ k = 3/2, y ಇಂದ k = 4 ಬರುತ್ತದೆ. ಎರಡು ಬೇರೆ ಬೇರೆ ಬಂದವು ಅಂದರೆ ಆ ಬಿಂದು BC ಯ ಮೇಲೆ ಇಲ್ಲವೇ ಇಲ್ಲ. ಒಂದರಿಂದ ಕಂಡುಹಿಡಿ, ಇನ್ನೊಂದರಿಂದ ತಾಳೆ ನೋಡು.

ಈಗ ವಿಸ್ತೀರ್ಣ. ಅದಕ್ಕೂ ಮೊದಲು ಒಂದು ಮಾತು. ಎನ್‌ಸಿಇಆರ್‌ಟಿ 2022ರಲ್ಲಿ ಪಠ್ಯ ಕಡಿತ ಮಾಡಿದಾಗ ಹತ್ತನೇ ತರಗತಿಯ ಈ ಅಧ್ಯಾಯದಿಂದ ತ್ರಿಭುಜದ ವಿಸ್ತೀರ್ಣದ ಭಾಗವನ್ನು ತೆಗೆಯಿತು. ಹಾಗಾಗಿ ಹಳೆಯ ಮುದ್ರಣದಲ್ಲಿ ಇರುವುದು ಹೊಸದರಲ್ಲಿ ಇಲ್ಲದಿರಬಹುದು. ಈ ವರ್ಷದ ಪುಸ್ತಕ, ಪಠ್ಯಕ್ರಮ ಎರಡನ್ನೂ ನಿಮ್ಮ ಗಣಿತ ಶಿಕ್ಷಕರ ಹತ್ತಿರ ಕೇಳಿಕೊ. ನಿನ್ನ ಟೆಸ್ಟ್‌ನಲ್ಲಿ ಕೇಳಿದ್ದಾರೆ ಅಂದ ಮೇಲೆ ಕಲಿತಿರುವುದೇ ಒಳ್ಳೆಯದು.

ವಿಸ್ತೀರ್ಣ = ½ [x₁(y₂ − y₃) + x₂(y₃ − y₁) + x₃(y₁ − y₂)]

ಇದನ್ನು ಬಾಯಿಪಾಠ ಮಾಡುವಾಗ ಹೊರಗಿನ x ನ ಸಂಖ್ಯೆ ಯಾವುದೋ ಆವರಣ ಅದರ ಮುಂದಿನ ಸಂಖ್ಯೆಯಿಂದ ಶುರುವಾಗುತ್ತದೆ ಎಂದು ನೆನಪಿಡು. 1 ಆದ ಮೇಲೆ 2, 3. 2 ಆದ ಮೇಲೆ 3, 1. 3 ಆದ ಮೇಲೆ ತಿರುಗಿ 1, 2. ಮೂರನೇ ಆವರಣವನ್ನು (y₂ − y₁) ಎಂದು ಬರೆಯುವುದೇ ಈ ಸೂತ್ರದಲ್ಲಿ ಅತಿ ಹೆಚ್ಚು ಆಗುವ ತಪ್ಪು.

A, B, C ಕ್ರಮದಲ್ಲಿ ಹಾಕಿದರೆ:

x₁(y₂ − y₃) = (−1)(−1 − 4) = (−1)(−5) = 5
x₂(y₃ − y₁) = (−4)(4 − 8) = (−4)(−4) = 16
x₃(y₁ − y₂) = 6(8 − (−1)) = 6 × 9 = 54

ಮೊತ್ತ 75. ಅರ್ಧ 37.5 ಚದರ ಮಾನಗಳು. ನಿನಗೆ ಒಮ್ಮೊಮ್ಮೆ 75 ಬರುವುದು ಆ ½ ಅನ್ನು ಕೊನೆಯಲ್ಲಿ ಬಿಡುವುದರಿಂದ. ಮೊದಲ ಸಾಲಿನಲ್ಲೇ ½ ಬರೆದು ಪ್ರತಿ ಸಾಲಿಗೂ ಅದನ್ನು ಎಳೆದುಕೊಂಡು ಹೋಗು. ಮೇಲಿನಂತೆ ಪದಗಳನ್ನು ಬಿಡಿಸಿ ಬರೆಯುವುದು ತಾಳೆಗೆ ಅನುಕೂಲ, ಆದರೆ ½ ಬಿಟ್ಟುಹೋಗುವುದೂ ಅಲ್ಲೇ.

ಉತ್ತರ ಹೊಂದುತ್ತದೋ ಇಲ್ಲವೋ ನೋಡಲು ಕರಡು ಹಾಳೆಯಲ್ಲಿ ತ್ರಿಭುಜದ ಸುತ್ತ ಒಂದು ಆಯತ ಎಳೆ. x ನ ಅತಿ ಕಡಿಮೆ ಬೆಲೆ −4, ಅತಿ ಹೆಚ್ಚು 6, ಅಗಲ 10. y ನ ಅತಿ ಕಡಿಮೆ −1, ಅತಿ ಹೆಚ್ಚು 8, ಎತ್ತರ 9. ಆಯತದ ವಿಸ್ತೀರ್ಣ 90. ಆಯತದೊಳಗೆ ಕೂರುವ ಯಾವ ತ್ರಿಭುಜವೂ ಆಯತದ ಅರ್ಧಕ್ಕಿಂತ ದೊಡ್ಡದಾಗಲಾರದು. ಇಲ್ಲಿ ಅರ್ಧ ಅಂದರೆ 45. ನಿನ್ನ 75 ಅದನ್ನು ದಾಟಿಬಿಟ್ಟಿದೆ, ಹಾಗಾಗಿ ಲೆಕ್ಕ ತಿರುಗಿ ನೋಡದೆಯೇ ಅದು ತಪ್ಪು ಎಂದು ಹೇಳಬಹುದು. ನಿರ್ದೇಶಾಂಕಗಳೆಲ್ಲ ಪೂರ್ಣಾಂಕ ಆಗಿದ್ದರೆ ವಿಸ್ತೀರ್ಣ ಪೂರ್ಣಾಂಕ ಇರಬೇಕು, ಇಲ್ಲವೇ .5 ರಲ್ಲಿ ಮುಗಿಯಬೇಕು. ಆವರಣದೊಳಗಿನದೆಲ್ಲ ಪೂರ್ಣಾಂಕ, ಭಾಗಿಸುವುದು ಎರಡರಿಂದ ಮಾತ್ರ. 37.25 ಬಂದರೆ ತಪ್ಪು ಖಚಿತ.

ಆದರೆ ಈ ಎರಡು ತಾಳೆಗಳಿಗೆ ಸಿಗದ ತಪ್ಪೂ ಇದೆ. 8 − (−1) ಅನ್ನು 7 ಎಂದು ಬರೆದರೆ ಮೊತ್ತ 63, ವಿಸ್ತೀರ್ಣ 31.5. ಅದು 45ಕ್ಕಿಂತ ಕಡಿಮೆ, .5 ರಲ್ಲೂ ಮುಗಿಯುತ್ತದೆ. ಇಂಥದ್ದನ್ನು ಹಿಡಿಯಲು ಅದೇ ಆಯತವನ್ನು ಪೂರ್ತಿ ಬಳಸು. ಆಯತದಲ್ಲಿ ತ್ರಿಭುಜದ ಹೊರಗೆ ಉಳಿಯುವ ಮೂಲೆಗಳು ಮೂರೂ ಲಂಬಕೋನ ತ್ರಿಭುಜಗಳು. AB ಯ ಎಡಕ್ಕೆ ಇರುವುದರ ಬಾಹುಗಳು 3 ಮತ್ತು 9, ವಿಸ್ತೀರ್ಣ 13.5. AC ಯ ಮೇಲಿನದಕ್ಕೆ 7 ಮತ್ತು 4, ವಿಸ್ತೀರ್ಣ 14. BC ಯ ಕೆಳಗಿನದಕ್ಕೆ 10 ಮತ್ತು 5, ವಿಸ್ತೀರ್ಣ 25. ಮೂರೂ ಸೇರಿ 52.5. 90 − 52.5 = 37.5. ಸೂತ್ರದ ಉತ್ತರವೇ ಬಂತು, ಇನ್ನು ಅನುಮಾನವಿಲ್ಲ. ಈ ಆಯತದಲ್ಲಿ B ಶೃಂಗ ಮೂಲೆಯಲ್ಲೇ ಕೂತದ್ದರಿಂದ ಮೂರು ತುಂಡು ಸುಲಭವಾಗಿ ಸಿಕ್ಕವು. ಕೆಲವು ತ್ರಿಭುಜಗಳಲ್ಲಿ ಒಂದು ಶೃಂಗ ಆಯತದ ಒಳಗೇ ಉಳಿದು ಹೊರಗಿನ ತುಂಡಿಗೆ ಬೇರೆ ಆಕಾರ ಬರುತ್ತದೆ. ಅಲ್ಲಿ ಆ ತುಂಡನ್ನು ಮತ್ತೆ ಒಡೆಯಬೇಕು.

ಅಂಥ ಕಡೆ ಇನ್ನೊಂದು ತಾಳೆ ಇದೆ, ನನಗೆ ಅದೇ ಹೆಚ್ಚು ಮೆಚ್ಚು. ಒಂದು ಶೃಂಗವನ್ನು ಮೂಲಬಿಂದುವಿಗೆ ಸರಿಸು. B ಯ ನಿರ್ದೇಶಾಂಕಗಳನ್ನು ಮೂರೂ ಶೃಂಗಗಳಿಂದ ಕಳೆದರೆ B (0, 0) ಆಗುತ್ತದೆ, A (3, 9) ಆಗುತ್ತದೆ, C (10, 5) ಆಗುತ್ತದೆ. ಇಡೀ ತ್ರಿಭುಜ ಹಾಗೇ ಸರಿದದ್ದರಿಂದ ವಿಸ್ತೀರ್ಣ ಬದಲಾಗುವುದಿಲ್ಲ. ಈಗ ಸೂತ್ರ ಕುಗ್ಗಿ ½ (3 × 5 − 10 × 9) ಆಗುತ್ತದೆ. 15 − 90 = −75, ಪರಿಮಾಣದ ಅರ್ಧ 37.5. ಋಣ ಸಂಖ್ಯೆಗಳು ಮೊದಲ ಹಂತದಲ್ಲೇ ಕರಗಿಹೋಗುತ್ತವೆ. ಉತ್ತರ ಪತ್ರಿಕೆಯಲ್ಲಿ ಮಾತ್ರ ಪಠ್ಯದ ಸೂತ್ರವನ್ನೇ ಬರೆದು ಹಂತಹಂತವಾಗಿ ಬಿಡಿಸು, ಯಾಕೆಂದರೆ ಅಂಕ ಹಂತಗಳಿಗೂ ಇದೆ.

ಆ ಮೈನಸ್ 75 ಎಲ್ಲಿಂದ ಬಂತು? ಸೂತ್ರವನ್ನು ಕಟ್ಟುವಾಗ ಪ್ರತಿ ಬಾಹುವಿನಿಂದ x-ಅಕ್ಷದವರೆಗಿನ ತ್ರಾಪಿಜ್ಯಗಳನ್ನು ಕೂಡಿ ಕಳೆಯುತ್ತಾರೆ. ಬಾಹುವಿನ ಮೇಲೆ ಎಡಕ್ಕೆ ಹೋಗುತ್ತಿದ್ದರೆ ಒಂದು ಚಿಹ್ನೆ, ಬಲಕ್ಕೆ ಹೋಗುತ್ತಿದ್ದರೆ ಇನ್ನೊಂದು ಚಿಹ್ನೆ. ಹಾಗಾಗಿ ಶೃಂಗಗಳನ್ನು ಯಾವ ದಿಕ್ಕಿನಲ್ಲಿ ಸುತ್ತಿದೆ ಎಂಬುದು ಉತ್ತರದಲ್ಲಿ ಉಳಿದುಬಿಡುತ್ತದೆ. A, B, C ಎಂದು ಹೋದರೆ ಅಪ್ರದಕ್ಷಿಣೆ, ಮೊತ್ತ +75. A, C, B ಎಂದು ಹೋದರೆ ಪ್ರದಕ್ಷಿಣೆ, ಪದಗಳು −5, −54, −16, ಮೊತ್ತ −75. ಸಂಖ್ಯೆ ಅದೇ, ಸುತ್ತಿದ ದಿಕ್ಕು ಬೇರೆ. ಆದ್ದರಿಂದ ವಿಸ್ತೀರ್ಣ ಋಣ ಬಂದರೆ ಅದು ತಪ್ಪಲ್ಲ. ಕೊನೆಯಲ್ಲಿ ಪರಿಮಾಣ ಮಾತ್ರ ತೆಗೆದುಕೊಂಡು 37.5 ಚದರ ಮಾನಗಳು ಎಂದು ಬರೆ. ಮೈನಸ್ ಬರಬಾರದು ಅಂತ ನಡುವಿನ ಒಂದು ಪದದ ಚಿಹ್ನೆ ಬದಲಿಸಿದರೆ ಮಾತ್ರ ಲೆಕ್ಕ ಹಾಳಾಗುತ್ತದೆ.

D ಸಿಕ್ಕ ಮೇಲೆ ಎರಡು ಪಾಲುಗಳನ್ನೂ ಒಮ್ಮೆ ಅಳೆದುಬಿಡು. ABD ಗೆ ಪದಗಳು 2, 28, 0, ಮೊತ್ತ 30, ವಿಸ್ತೀರ್ಣ 15. ADC ಗೆ ಪದಗಳು 3, 0, 42, ಮೊತ್ತ 45, ವಿಸ್ತೀರ್ಣ 22.5. 15 ಮತ್ತು 22.5 ಕೂಡಿದರೆ 37.5, ಅನುಪಾತ 2:3. ಗ್ರಾಫಿನ ಒಂದು ಮಾನ 10 ಮೀಟರ್ ಎಂದುಕೊಂಡರೆ ಒಂದು ಚದರ ಮಾನ 100 ಚದರ ಮೀಟರ್. ಒಂದು ಗುಂಟೆ 33 ಅಡಿ × 33 ಅಡಿ, ಅಂದರೆ 1089 ಚದರ ಅಡಿ, ಸುಮಾರು 101.17 ಚದರ ಮೀಟರ್. ಹಾಗಾಗಿ ಈ ಅಳತೆಯಲ್ಲಿ ಒಂದು ಚದರ ಮಾನ ಹತ್ತಿರಹತ್ತಿರ ಒಂದು ಗುಂಟೆ. ಇಡೀ ಹೊಲ ಸುಮಾರು 37 ಗುಂಟೆ, ಎಕರೆಗೆ ಮೂರು ಗುಂಟೆ ಕಮ್ಮಿ. ಉದ್ದ ಬದಲಿಸುವಾಗ 10 ರಿಂದ ಗುಣಿಸು, ವಿಸ್ತೀರ್ಣ ಬದಲಿಸುವಾಗ 100 ರಿಂದ ಗುಣಿಸು. ಅಲ್ಲಿ 10 ರಿಂದ ಗುಣಿಸಿ 375 ಚದರ ಮೀಟರ್ ಎಂದು ಬರೆದರೆ ಹೊಲ ನಾಲ್ಕು ಗುಂಟೆಗಿಂತ ಚಿಕ್ಕದಾಗಿಬಿಡುತ್ತದೆ.

ಉದ್ದದ ಅನುಪಾತವೇ ವಿಸ್ತೀರ್ಣದ ಅನುಪಾತ ಎಂಬ ಮಾತು ಎದುರು ಶೃಂಗದಿಂದ ಗೆರೆ ಬಂದಾಗ ಮಾತ್ರ ನಿಲ್ಲುತ್ತದೆ. ಗೆರೆ ಬೇರೆ ಕಡೆಯಿಂದ ಬಂದರೆ ಅದನ್ನು ಹಾಕಬಾರದು. AB ಯ ಮಧ್ಯಬಿಂದು (−2.5, 3.5), AC ಯ ಮಧ್ಯಬಿಂದು (2.5, 6). ಎರಡನ್ನೂ ಸೇರಿಸುವ ಗೆರೆ ಎರಡು ಬದುಗಳನ್ನೂ 1:1 ರಲ್ಲಿ ಭಾಗಿಸುತ್ತದೆ. ಹಾಗಾದರೆ ಹೊಲ ಅರ್ಧರ್ಧ ಆಯಿತೇ? ಇಲ್ಲ. A ಕಡೆಯ ಸಣ್ಣ ತ್ರಿಭುಜದ ವಿಸ್ತೀರ್ಣ 9.375, ಅಂದರೆ 37.5 ರ ನಾಲ್ಕನೇ ಒಂದು ಭಾಗ. ಇಲ್ಲಿ ಪಾದ, ಎತ್ತರ ಎರಡೂ ಅರ್ಧವಾಗಿವೆ. ಸಮರೂಪ ತ್ರಿಭುಜಗಳ ವಿಸ್ತೀರ್ಣ ಬಾಹುಗಳ ವರ್ಗದ ಅನುಪಾತದಲ್ಲಿ ನಡೆಯುತ್ತದೆ. ಪ್ರಶ್ನೆಯಲ್ಲಿ ಗೆರೆ ಶೃಂಗದಿಂದ ಹೊರಟಿದೆಯೋ, ಬಾಹುವಿಗೆ ಸಮಾಂತರವಾಗಿದೆಯೋ ಎಂಬುದನ್ನು ಮೊದಲು ಓದು. ಎರಡು ಲೆಕ್ಕಗಳ ದಾರಿ ಅಲ್ಲಿಂದಲೇ ಬೇರೆ.

ಕೊನೆಗೆ ಸೊನ್ನೆ ಬರುವ ಲೆಕ್ಕ ಮತ್ತು ಎರಡು ಉತ್ತರ ಬರುವ ಲೆಕ್ಕ. A ಯ ಎತ್ತರ ಗೊತ್ತಿಲ್ಲ, A(−1, p) ಎಂದಿಟ್ಟುಕೊ. B, C ಹಾಗೇ ಇರಲಿ. ಪದಗಳು 5, 4p − 16, 6p + 6. ಮೊತ್ತ 10p − 5.

ಮೂರೂ ಬಿಂದುಗಳು ಸರಳರೇಖಾಗತ ಆಗಬೇಕಾದರೆ ವಿಸ್ತೀರ್ಣ ಸೊನ್ನೆ ಆಗಬೇಕು. 10p − 5 = 0, p = ½. ಇಲ್ಲಿ ಸೊನ್ನೆ ಬರುವುದೇ ಸರಿ ಉತ್ತರದ ಗುರುತು. B(−4, −1), D(0, 1), C(6, 4) ಗಳನ್ನು ಹಾಕಿದರೂ 12 + 0 − 12 = 0 ಬರುತ್ತದೆ, ಯಾಕೆಂದರೆ D ಆ ಬದುವಿನ ಮೇಲೇ ಇದೆ. ಮೂರು ಬಿಂದುಗಳು ಒಂದೇ ಗೆರೆಯ ಮೇಲಿಲ್ಲ ಎಂದು ನಿನ್ನ ಕರಡು ಚಿತ್ರ ತೋರಿಸುತ್ತಿದ್ದೂ ಸೊನ್ನೆ ಬಂದರೆ ಮಾತ್ರ ಲೆಕ್ಕ ತಿರುಗಿ ನೋಡು.

ಈಗ ವಿಸ್ತೀರ್ಣ 37.5 ಇರಲಿ ಎಂದು ಕೊಟ್ಟು p ಕೇಳಿದರೆ, ಹೆಚ್ಚಿನವರು 10p − 5 = 75 ಎಂದು ಬರೆದು p = 8 ಎಂದು ನಿಲ್ಲಿಸುತ್ತಾರೆ. ಆದರೆ ಸುತ್ತಿದ ದಿಕ್ಕಿಗೆ ತಕ್ಕಂತೆ ಮೊತ್ತ −75 ಕೂಡ ಆಗಬಹುದು ಎಂದು ಮೇಲೆ ನೋಡಿದೆವು. 10p − 5 = −75 ಎಂದರೆ p = −7. BC ಬದುವಿನ ಮೇಲೆ ಒಂದು A, ಕೆಳಗೆ ಇನ್ನೊಂದು A. ಮೇಲಿನದು p = ½ ಇಂದ 7.5 ಮಾನ ಮೇಲಿದೆ, ಕೆಳಗಿನದು ಅಲ್ಲಿಂದ ಅಷ್ಟೇ 7.5 ಮಾನ ಕೆಳಗಿದೆ. ಎರಡು ಉತ್ತರಗಳ ನಡುವಿನ ಸರಾಸರಿ ಸರಳರೇಖಾಗತ ಆಗುವ p ಗೆ ಸರಿಹೊಂದಬೇಕು: (8 + (−7))/2 = ½. ಹೊಂದದಿದ್ದರೆ ಒಂದು ಬೆಲೆ ತಪ್ಪಿದೆ. ಪ್ರಶ್ನೆಯಲ್ಲಿ "A ಎರಡನೇ ಚತುರ್ಥಕದಲ್ಲಿದೆ" ಎಂದಿದ್ದರೆ 8 ನ್ನು ಮಾತ್ರ ಇಟ್ಟುಕೊಂಡು −7 ನ್ನು ಕಾರಣ ಬರೆದು ಬಿಡು. ಅಂಥ ಮಾತು ಇಲ್ಲದಿದ್ದರೆ ಎರಡನ್ನೂ ಬರೆ.